‘ಒಂದು ಬಟನ್ ಹಾಕಿಬಿಡು ತಮ್ಮಾ’

ಬಂಡ್ರಿಯ ಮನೆಯಲ್ಲೇ ಕೂತು ವೆಬ್‌ಸೈಟ್ ಮಾಡಿಕೊಡೋ ನನಗೆ ಹೊಸಪೇಟೆಯ ಲಾಡ್ಜ್ ಮಾಲೀಕರೊಬ್ಬರು ಕೆಲಸ ಕೊಟ್ಟಿದ್ದರು. ಐದು ಪುಟ, ಫೋಟೊಗಳು, ಒಂದು ವಿಚಾರಣೆ ಫಾರ್ಮ್. 60 ಗಂಟೆ ಕೆಲಸ, ಗಂಟೆಗೆ 400 ರೂಪಾಯಿಯಂತೆ 24,000. ದಿನಕ್ಕೆ ಐದು ಗಂಟೆ ಹಿಡಿದರೆ 12 ದಿನ. ಅರ್ಧ ಮುಗಿದಿತ್ತು, ಫೋನ್ ಬಂತು: “ತಮ್ಮಾ, ಹಂಪಿಗೆ ಬರೋರು ಅಲ್ಲೇ ರೂಮ್ ಬುಕ್ ಮಾಡಿ ಅಡ್ವಾನ್ಸ್ ಕಟ್ಟೋ ಹಂಗೆ ಒಂದು ಬಟನ್ ಹಾಕಿಬಿಡು.”

ಅವರಿಗೆ ಕಾಣೋದು ಬಟನ್ ಮಾತ್ರ. ಅದರ ಹಿಂದೆ, ಯಾವ ದಿನ ಯಾವ ರೂಮ್ ಖಾಲಿ ಅಂತ ಹೇಳೋ ಕ್ಯಾಲೆಂಡರ್ ಬೇಕು. ಒಂದೇ ರೂಮನ್ನು ಇಬ್ಬರು ಒಟ್ಟಿಗೆ ಒತ್ತಿದರೆ ಒಬ್ಬರಿಗೇ ಸಿಗಬೇಕು. ದುಡ್ಡು ಕಟ್ಟೋವರೆಗೂ ರೂಮ್ ಹಿಡಿದಿಡಬೇಕು, ಪಾವತಿ ವಿಫಲವಾದರೆ ಬಿಡಬೇಕು. ಬುಕಿಂಗ್ ರದ್ದಾದರೆ ಹಣ ವಾಪಸ್ ಹೋಗಬೇಕು.

ಹಿಂದೊಮ್ಮೆ ಇಂಥದ್ದಕ್ಕೇ ಫೋನಲ್ಲಿ “ಆಯ್ತಣ್ಣಾ” ಅಂದು ಬಿಟ್ಟಿ ದುಡಿದಿದ್ದೆ. ಈ ಸಲ “ಲೆಕ್ಕ ಹಾಕಿ ಮೇಲ್ ಮಾಡ್ತೀನಿ ಅಣ್ಣಾ” ಅಂದು, ಆ ಭಾಗಕ್ಕೆ ಕೈ ಹಚ್ಚದೆ ಸಂಜೆಯೊಳಗೆ ಕಳಿಸಿದೆ:

“ವಿಷಯ: ಬದಲಾವಣೆ 1 – ರೂಮ್ ಬುಕಿಂಗ್, ಅಡ್ವಾನ್ಸ್ ಪಾವತಿ, ಪರಿಷ್ಕೃತ ಅಂದಾಜು

ನಮಸ್ಕಾರ ಅಣ್ಣಾ, ಇವತ್ತು ಫೋನಲ್ಲಿ ನೀವು ಕೇಳಿದ ಎರಡು ಕೆಲಸ ಮೊದಲ ಅಂದಾಜಿನಲ್ಲಿ ಇರಲಿಲ್ಲ.
ಬುಕಿಂಗ್ ಕ್ಯಾಲೆಂಡರ್: 35 ಗಂಟೆ, 14,000 ರೂ., 7 ದಿನ.
ಆನ್‌ಲೈನ್ ಪಾವತಿ, ರೀಫಂಡ್: 20 ಗಂಟೆ, 8,000 ರೂ., 4 ದಿನ.
ಎರಡೂ ಸೇರಿದರೆ ಒಟ್ಟು 24,000ದ ಬದಲು 46,000 ರೂ., 12ರ ಬದಲು 23 ಕೆಲಸದ ದಿನ.
ಪೇಮೆಂಟ್ ಗೇಟ್‌ವೇ ಕಂಪನಿಯ ಶುಲ್ಕ ಇದರಲ್ಲಿಲ್ಲ. ಖಾತೆ ನಿಮ್ಮ ಹೆಸರಲ್ಲೇ ಆಗಬೇಕು; ಪ್ಯಾನ್, ಬ್ಯಾಂಕ್ ವಿವರ, ರದ್ದತಿ ನಿಯಮ ನೀವು ಕೊಡಬೇಕು. ಅವರ ಒಪ್ಪಿಗೆಗೆ ಹಿಡಿಯುವ ದಿನಗಳು ಬೇರೆ.
ಸದ್ಯಕ್ಕೆ ಕ್ಯಾಲೆಂಡರ್ ಮಾತ್ರ ಸಾಕಾದರೆ ಒಟ್ಟು 38,000 ರೂ., 19 ದಿನ. ಯಾವುದೂ ಬೇಡವಾದರೆ ಮೊದಲಿನ ಅಂದಾಜೇ ಇರುತ್ತದೆ.
ಯಾವುದು ಬೇಕೆಂದು ಶುಕ್ರವಾರದೊಳಗೆ ಇದೇ ಮೇಲ್‌ಗೆ ಉತ್ತರಿಸಿ. ಅಲ್ಲಿಯವರೆಗೆ ಮೊದಲು ಒಪ್ಪಿದ ಪುಟಗಳ ಕೆಲಸ ಮುಂದುವರಿಸುತ್ತೇನೆ.”

‘ಹೆಚ್ಚುವರಿ 22,000’ ಅಂತ ಒಂದೇ ಸಾಲು ಬರೆದಿದ್ದರೆ ಚೌಕಾಸಿ ಶುರುವಾಗ್ತಿತ್ತು. ಬಿಡಿಸಿ ಬರೆದರೆ ಅವರು ದರ ಇಳಿಸು ಅನ್ನೋ ಬದಲು ಕೆಲಸ ಇಳಿಸ್ತಾರೆ. ನನಗೆ ಅದೇ ವಾಸಿ. ಗೇಟ್‌ವೇ ಸಾಲಂತೂ ಬಿಡೋ ಹಾಗೇ ಇಲ್ಲ: ಮಾಲೀಕರ ಕಾಗದಪತ್ರ ತಡವಾದ್ರೂ, ಬರೆದಿಡದಿದ್ದರೆ ತಡ ಮಾಡಿದವನು ನಾನೇ ಆಗ್ತೀನಿ.

ಗುರುವಾರ ಫೋನ್ ಬಂತು. “ಏನ್ ತಮ್ಮಾ, ಡಬಲ್ ಆಗೈತಲ್ಲೋ!” ರೀಫಂಡ್ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕ್ಯಾಲೆಂಡರ್ ಅಷ್ಟೇ ಮಾಡು, ಅಡ್ವಾನ್ಸ್ ನಾನೇ ಯುಪಿಐನಲ್ಲಿ ಹಾಕಿಸ್ಕೊಂತೀನಿ” ಅಂದರು. “ಅದನ್ನೇ ಮೇಲ್‌ನಲ್ಲಿ ಒಂದು ಸಾಲು ಬರೀರಿ ಅಣ್ಣಾ” ಅಂದೆ. ರಾತ್ರಿ ಹತ್ತಕ್ಕೆ ಬಂತು: ‘ಕ್ಯಾಲೆಂಡರ್ ಮಾತ್ರ, 38,000, 19 ದಿನ, ಓಕೆ.’ ಬೆಳಿಗ್ಗೆ ಕ್ಯಾಲೆಂಡರ್ ಶುರು ಮಾಡಿದೆ.