ತಂಬಾಕಿನ ನೆರಳಲ್ಲಿ ಬೊಜ್ಜು ಪಾರಾಗದಿರಲಿ

ಕಾರವಾರ, ಅಂಕೋಲಾ ಕಡೆ ಕ್ಯಾನ್ಸರ್ ಎಂದರೆ ಕವಳ, ತಂಬಾಕಿನ ಕಾಯಿಲೆ. ಬೊಜ್ಜನ್ನು ಅದಕ್ಕೆ ಗಂಟು ಹಾಕುವುದು ನಗರದವರ ಗೀಳು ಎಂದು ಲೇಖನವೊಂದು ತೀರ್ಪು ಕೊಟ್ಟಿದೆ. ಅರ್ಧ ಸರಿ. ಬಾಯಿ ಕ್ಯಾನ್ಸರಿಗೆ ಮುಖ್ಯ ಅಪರಾಧಿ ಕವಳ, ತಂಬಾಕೇ.

ಉಳಿದರ್ಧ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2016ರಲ್ಲಿ 13 ಬಗೆಯ ಕ್ಯಾನ್ಸರ್‌ಗಳಿಗೆ ಬೊಜ್ಜಿನ ನಂಟು ಸಾಬೀತಾಗಿದೆ ಎಂದಿತು. ದೊಡ್ಡ ಕರುಳು, ಮೂತ್ರಪಿಂಡ, ಯಕೃತ್ತು, ಪಿತ್ತಕೋಶ, ಮುಟ್ಟು ನಿಂತ ನಂತರದ ಸ್ತನ ಕ್ಯಾನ್ಸರ್ ಆ ಪಟ್ಟಿಯಲ್ಲಿವೆ. ನಂಟು ಅತಿ ಗಟ್ಟಿಯಾಗಿರುವುದು ಗರ್ಭಕೋಶದ ಒಳಪದರದ ಕ್ಯಾನ್ಸರಿಗೆ: ತೀವ್ರ ಬೊಜ್ಜಿದ್ದವರಲ್ಲಿ ಅಪಾಯ ಸುಮಾರು ಏಳು ಪಟ್ಟು.

ಕಾರಣ ಸರಳ. ಮುಟ್ಟು ನಿಂತ ಮೇಲೆ ಅಂಡಾಶಯ ಈಸ್ಟ್ರೋಜನ್ ತಯಾರಿಕೆಯನ್ನು ಬಹುಪಾಲು ನಿಲ್ಲಿಸುತ್ತದೆ. ಕೊಬ್ಬಿನ ಕೋಶಗಳು ನಿಲ್ಲಿಸುವುದಿಲ್ಲ. ಅವು ಇತರ ಹಾರ್ಮೋನುಗಳನ್ನು ಈಸ್ಟ್ರೋಜನ್ ಆಗಿ ಮಾರ್ಪಡಿಸುತ್ತವೆ. ಅದನ್ನು ಹದ್ದುಬಸ್ತಿನಲ್ಲಿಡುವ ಪ್ರೊಜೆಸ್ಟರಾನ್ ಮಾತ್ರ ಆಗ ಇರುವುದಿಲ್ಲ. ಒಳಪದರ ಅಡೆತಡೆಯಿಲ್ಲದೆ ಬೆಳೆಯುತ್ತದೆ.

ಅಂಕೋಲಾದ 58 ವರ್ಷದ ಗೃಹಿಣಿಯೊಬ್ಬರನ್ನು ಊಹಿಸಿ: ಎತ್ತರ 150 ಸೆಂ.ಮೀ., ತೂಕ 70 ಕಿಲೋ. ಬಿಎಂಐ 31, ಭಾರತೀಯರಿಗೆ 25 ದಾಟಿದರೇ ಬೊಜ್ಜು. ಮುಟ್ಟು ನಿಂತು ಆರು ವರ್ಷದ ಮೇಲೆ ಒಂದು ದಿನ ಸೀರೆಗೆ ರಕ್ತದ ಕಲೆ. "ಉಷ್ಣ ಆಗಿದೆ" ಎಂದು ಮಜ್ಜಿಗೆ ಕುಡಿದು ಸುಮ್ಮನಾದರೆ ಅಮೂಲ್ಯ ಸಮಯ ಹೋಗುತ್ತದೆ. ಸ್ಕ್ಯಾನಿನಲ್ಲಿ ಒಳಪದರ 4 ಮಿ.ಮೀ. ಮೀರಿದ್ದರೆ ತುಣುಕು ತೆಗೆದು ಪರೀಕ್ಷಿಸಬೇಕು. ಇಂಥ ಸ್ರಾವವೆಲ್ಲ ಕ್ಯಾನ್ಸರ್ ಅಲ್ಲ, ಬೊಜ್ಜಿದ್ದವರಿಗೆಲ್ಲ ಈ ರೋಗ ಬರುವುದೂ ಇಲ್ಲ. ಆದರೆ ಕವಳ ಮುಟ್ಟದ ಈ ಹೆಂಗಸಿಗೆ ಆ ಲೇಖನ ಕೊಟ್ಟ ನಿರಾಳ ಸಲ್ಲದು.