ಆ 3% ಪುಕ್ಕಟೆ ಬರಂಗಿಲ್ಲ

ರೀಲ್ಸ್ ತೆಗೆದ್ರೆ ಒಂದೇ ಮಾತು: "ಸರ್ಕಾರಿ ಬಾಂಡ್ 8%, ಈ ಕಂಪನಿ ಬಾಂಡ್ 11%, ರೇಟಿಂಗ್ ಟ್ರಿಪಲ್ ಎ. ಯಾಕೆ ಬಿಡ್ತೀರಿ?" ಆ 3% ನಿಮಗೆ ಸಿಕ್ಕ ಬೋನಸ್ ಅಲ್ಲ ದೋಸ್ತ್ರೇ. ಕಂಪನಿ ಕೈ ಎತ್ತಬಹುದು ಅನ್ನೋ ಭಯಕ್ಕೆ ಮಾರ್ಕೆಟ್ ಕಟ್ಟಿದ ಬೆಲೆ.

ಸಿರುಗುಪ್ಪದಲ್ಲಿ ಭತ್ತ ಮಾರೋರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಉದ್ರಿ ಕೇಳೋ ವ್ಯಾಪಾರಿ ನಗದಿನವನಿಗಿಂತ ಜಾಸ್ತಿ ರೇಟು ಹೇಳಿದ್ರೆ, ಕುರುಗೋಡಿನ ರೈತ ಮೊದಲು ಕೇಳೋದು "ಇವ ಕೊಡದಿದ್ರೆ?" ಅಂತ. ಬಳ್ಳಾರಿಯಲ್ಲಿ ಬಿಕಾಂ ಓದೋ ನಾವು ಮಾತ್ರ ಅದನ್ನು ಕೇಳಲ್ಲ!

ಲೆಕ್ಕ ಮಾಡಿ ನೋಡ್ರಿ. ₹100 ಹಾಕಿದ್ರೆ ವರ್ಷಕ್ಕೆ ಸರ್ಕಾರ ಖಚಿತವಾಗಿ 108 ಕೊಡ್ತದೆ. ಕಂಪನಿ 111 ಕೊಡ್ತೀನಿ ಅಂತದೆ. ಮುಳುಗಿದರೆ ಅದರಲ್ಲಿ 40% ಮಾತ್ರ ವಾಪಸ್ ಬರುತ್ತೆ ಅಂದ್ಕೊಳ್ಳಿ. ಅಂದರೆ 66.6 ಹೋಯ್ತು. ಮುಳುಗೋ ಸಾಧ್ಯತೆ p ಆದರೆ, ಸರಾಸರಿಯಲ್ಲಿ ಎರಡೂ ಸಮ ಆಗಬೇಕು:

111 − 66.6 × p = 108

p ಸುಮಾರು 4.5%. ಬರೇ 3% ಅಲ್ಲ, ಯಾಕಂದ್ರೆ ಮುಳುಗಿದಾಗಲೂ ಪೂರ್ತಿ ದುಡ್ಡು ಹೋಗಲ್ಲ. ಹಾಗಾಗಿ ಅಷ್ಟೇ ಸ್ಪ್ರೆಡ್ ಸರಿಹೋಗಬೇಕಾದ್ರೆ ಮುಳುಗೋ ಸಾಧ್ಯತೆ ಜಾಸ್ತಿ ಇರಲೇಬೇಕು. ವಾಪಸ್ ಬರೋದು ಸೊನ್ನೆ ಅಂದ್ಕೊಂಡ್ರೆ p 2.7%ಗೆ ಇಳಿಯುತ್ತೆ, 60% ಅಂದ್ಕೊಂಡ್ರೆ 6.8%ಗೆ ಏರುತ್ತೆ. ಉಲ್ಟಾ ಅನ್ನಿಸಿದ್ರೆ ಪೆನ್ನು ಹಿಡಿದು ನೀವೇ ಮಾಡಿ ನೋಡ್ರಿ.

ಈಗ ಒಂದು ವರ್ಷ ಬದುಕೋ ಸಾಧ್ಯತೆ 95.5%. ಚಲೋ ಮಾರ್ಕ್ಸ್ ಅನ್ನಿಸ್ತದೆ. ಪ್ರತಿ ವರ್ಷ ಅಷ್ಟೇ ಅಪಾಯ ಇದ್ರೆ 0.955ನ್ನು ಐದು ಸಲ ಗುಣಿಸಿ: 79%. ಅಂದ್ರೆ ಇಂಥ ಐದು ಕಂಪನಿಗಳಲ್ಲಿ ಒಂದು, ಐದು ವರ್ಷದೊಳಗೆ ಮುಳುಗೋ ಲೆಕ್ಕ.

"ಆದ್ರೆ ಟ್ರಿಪಲ್ ಎ ಇತ್ತಲ್ಲ?" ಡಿಎಚ್‌ಎಫ್‌ಎಲ್‌ಗೂ ಇತ್ತು. 2018ರ ಸೆಪ್ಟೆಂಬರ್‌ನಲ್ಲಿ ಒಂದು ಮ್ಯೂಚುವಲ್ ಫಂಡ್ ಅದರ ಸಾಲಪತ್ರವನ್ನು ಸುಮಾರು 11% ಯೀಲ್ಡ್‌ಗೆ ಮಾರಿತು, ಅಂದ್ರೆ ಬೆಲೆ ಇಳಿಸಿ ಕೈ ತೊಳಕೊಂಡಿತು. ಆ ದಿನ ರೇಟಿಂಗ್ ಬದಲಾಗಿರಲಿಲ್ಲ, ಯೀಲ್ಡ್ ಬದಲಾಗಿತ್ತು. ರೇಟಿಂಗ್ ಇಳಿಯೋಕೆ ಶುರುವಾಗಿದ್ದು 2019ರಲ್ಲಿ. ಅದೇ ಜೂನ್‌ನಲ್ಲಿ ಕಂಪನಿ ಬಡ್ಡಿ ಕಟ್ಟಲಿಲ್ಲ. 2021ರಲ್ಲಿ ಪಿರಾಮಲ್ ಕೊಂಡಾಗ ಸಾಲ ಕೊಟ್ಟವರಿಗೆ ಒಟ್ಟಾರೆ ಅರ್ಧಕ್ಕಿಂತ ಕಡಿಮೆ ಸಿಕ್ಕಿತು.

ಈ p ದೇವವಾಕ್ಯ ಅಂತ ನಾನೂ ಹೇಳಲ್ಲ. ಬೇಕಾದಾಗ ಮಾರೋಕೆ ಗಿರಾಕಿ ಸಿಗಲ್ಲ ಅನ್ನೋ ತೊಂದರೆಗೂ, ಬರೇ ಹೆದರಿಕೆಗೂ ಸ್ಪ್ರೆಡ್‌ನಲ್ಲಿ ಪಾಲಿದೆ. ಅದಕ್ಕೇ ಸಾಮಾನ್ಯವಾಗಿ p, ನಿಜವಾಗಿ ಮುಳುಗೋ ಕಂಪನಿಗಳ ಪ್ರಮಾಣಕ್ಕಿಂತ ಜಾಸ್ತಿ ತೋರಿಸ್ತದೆ. ನಮ್ಮಲ್ಲಿ ಎಷ್ಟೋ ಬಾಂಡ್‌ಗಳು ವಾರಗಟ್ಟಲೆ ಕೈ ಬದಲಾಗಲ್ಲ. ಆಗ ಕಾಣೋ ಯೀಲ್ಡ್ ಹಳಸಿದ್ದು.

ಆದ್ದರಿಂದ ಮುಂದಿನ ಸಲ ರೀಲ್ಸ್ ಅಣ್ಣಂಗೆ ಕಾಮೆಂಟ್‌ನಾಗ ಎರಡೇ ಕೇಳ್ರಿ. ನೀನು ಹೇಳಿದ 11% ಬಾಂಡ್ ಮೇಲೆ ಅಚ್ಚಾದ ಬಡ್ಡಿಯೋ, ಇವತ್ತಿನ ಬೆಲೆಗೆ ಬಿದ್ದ ಯೀಲ್ಡೋ? ಹೋಲಿಸಿದ ಸರ್ಕಾರಿ ಬಾಂಡಿನ ಅವಧಿ ಇದಕ್ಕೆ ಸಮ ಐತೋ ಇಲ್ಲೋ?