‘ಓದಲಾಗಲಿಲ್ಲ’ ಎನ್ನದ ಲೆಕ್ಕ

“ಮಗಾ, ಲೆಕ್ಕ ತೆಗೆದೆ. ನಾನು ಲಾಭದಲ್ಲೇ ಇದೀನಿ” ಅಂದ ಗೆಳೆಯ. ಕುಮಾರಸ್ವಾಮಿ ಲೇಔಟ್‌ನ ನಮ್ಮ ಬಾಡಿಗೆ ಮನೆಯ ಮೇಲಿನ ರೂಮಿನವನು. ಆ ತಿಂಗಳ ಬಾಡಿಗೆಗೆ ಸಾಲ ಕೇಳಲು ಕೆಳಗಿಳಿದು ಬಂದಿದ್ದ.

2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆ ಬಂತು. ಅವನು ಕ್ರಿಕೆಟ್ ಬೆಟ್ ಕಟ್ಟುತ್ತಿದ್ದ ಆ್ಯಪ್ ಆಮೇಲೆ ತೆರೆಯಲಿಲ್ಲ. ಫೋನಿನಲ್ಲಿ ಉಳಿದದ್ದು ಬೆಟ್ ಸ್ಲಿಪ್‌ಗಳ ಸ್ಕ್ರೀನ್‌ಶಾಟ್ ಮಾತ್ರ. ಚಿತ್ರದಿಂದ ಅಕ್ಷರ ಎತ್ತುವ ಓಸಿಆರ್‌ಗೆ ಅವನ್ನು ಉಣಿಸಿ, ಕಟ್ಟಿದ್ದೆಷ್ಟು, ದರವೆಷ್ಟು, ಬಂದದ್ದೆಷ್ಟು ಎಂದು ಎಕ್ಸೆಲ್‌ಗೆ ತುಂಬಿಸುವ ಸಣ್ಣ ಪ್ರೋಗ್ರಾಮ್ ಒಂದನ್ನು ಯಾರೋ ಬರೆದುಕೊಟ್ಟಿದ್ದರು. ಲಾಭದ ಸುದ್ದಿ ಹೇಳಿದ್ದು ಅದು.

ಹಳೆಯ ಕನ್ನಡ ಪತ್ರಿಕೆಗಳ ಪುಟಗಳನ್ನು ಓಸಿಆರ್‌ನಿಂದ ಓದಿಸುವುದೇ ನನ್ನ ಪಿಎಚ್.ಡಿ. ಕೆಲಸದ ಅರ್ಧ. ಹಾಗಾಗಿ ‘ನೂರಕ್ಕೆ ತೊಂಬತ್ತೊಂಬತ್ತು ಸರಿ ಓದುತ್ತೆ’ ಎಂಬ ಸಮಾಧಾನದ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಆ ಲೆಕ್ಕ ಒಂದೊಂದು ಅಕ್ಷರಕ್ಕೆ. ಒಂದು ಸ್ಲಿಪ್‌ನಲ್ಲಿ ಇಪ್ಪತ್ತು ಅಂಕಿಗಳಿದ್ದರೆ ನೂರು ಸ್ಲಿಪ್‌ಗಳಲ್ಲಿ ಸುಮಾರು ಹದಿನೆಂಟರಲ್ಲಿ ಒಂದಾದರೂ ತಪ್ಪು ಇರುತ್ತದೆ. ಪತ್ರಿಕೆಯಲ್ಲಿ ‘ಮೈಸೂರು’ ಹೋಗಿ ‘ಮೈಸೂಡು’ ಆದರೆ ಓದುವವರ ಕಣ್ಣೇ ಅದನ್ನು ತಿದ್ದಿಕೊಳ್ಳುತ್ತದೆ. ಆದರೆ 1.85ರ ಚುಕ್ಕಿ ಬಿದ್ದು 185 ಆದರೆ ತಿದ್ದುವವರು ಯಾರು? 185 ಕೂಡ ಅಷ್ಟೇ ಮರ್ಯಾದಸ್ಥ ಸಂಖ್ಯೆ.

ಅವನ ಒಂದು ಸ್ಲಿಪ್ ನೋಡಿ. ಕಟ್ಟಿದ್ದು ₹500, ದರ 1.85, ಗೆದ್ದರೆ ಕೈಗೆ ₹925. ಪ್ರೋಗ್ರಾಮ್ ಓದಿದ್ದು 7500. ಈ ಏಳು ಎಲ್ಲಿಂದ ಬಂತು? ಟೆಸರಾಕ್ಟ್ ಎಂಬ ಮುಕ್ತ ಓಸಿಆರ್ ಬಳಸುವವರು ಒಬ್ಬರಿಗೊಬ್ಬರು ಕೊಡುವ ಸಲಹೆಯೊಂದಿದೆ: ಅಂಕಿ ಬಿಟ್ಟು ಬೇರೇನನ್ನೂ ಓದದಂತೆ ಕಟ್ಟಿಹಾಕಿ.

```
tessedit_char_whitelist=0123456789.
```

ಸಲಹೆ ಜಾಣತನದ್ದೇ. ಆದರೆ ರೂಪಾಯಿ ಚಿಹ್ನೆ ಚಿತ್ರದಲ್ಲಿ ಹಾಗೇ ಇದೆ. ಅದನ್ನು ಅಂಕಿಯಾಗಿಯೇ ಓದು ಎಂದು ಒತ್ತಾಯಿಸಿದರೆ, ಅದು ಎಷ್ಟೋ ಸಲ 7 ಅಥವಾ 2 ಎಂದು ಹೇಳಿ ಪಾರಾಗುತ್ತದೆ. ಚಿಹ್ನೆಯನ್ನು ಮೊದಲೇ ಕತ್ತರಿಸಿ ಹಾಕಬೇಕು. ಕಪ್ಪು ಹಿನ್ನೆಲೆಯ ಸ್ಲಿಪ್ಪಾದರೆ ಬಣ್ಣ ತಿರುಗಿಸಬೇಕು, ಚಿತ್ರವನ್ನು ಎರಡು ಮೂರು ಪಟ್ಟು ಹಿಗ್ಗಿಸಬೇಕು.

ಇಷ್ಟು ಮಾಡಿದ ಮೇಲೂ ಓದಿದ್ದನ್ನು ನಂಬಬಾರದು, ಗುಣಿಸಿ ನೋಡಬೇಕು. ಸ್ಲಿಪ್‌ನಲ್ಲೇ ಮೂರು ಸಂಖ್ಯೆಗಳಿವೆ, 500ನ್ನು 1.85ರಿಂದ ಗುಣಿಸಿದರೆ 925 ಬರಲೇಬೇಕು. 7500ನ್ನು ಗುಣಿಸಿದರೆ 13,875. ತಾಳೆಯಾಗಲಿಲ್ಲ, ಆ ಸಾಲಿಗೆ ಕೆಂಪು ಗುರುತು ಹಾಕಿ, ಮನುಷ್ಯರು ನೋಡಲಿ. ಒಂದೇ ಸಾಲಿನ ಈ ತಾಳೆ ಅವನ ಪ್ರೋಗ್ರಾಮ್‌ನಲ್ಲಿರಲಿಲ್ಲ.

ಆದರೆ ಅವನನ್ನು ‘ಲಾಭ’ಕ್ಕೆ ಏರಿಸಿದ ತಪ್ಪನ್ನು ಗುಣಾಕಾರವೂ ಹಿಡಿಯುತ್ತಿರಲಿಲ್ಲ. ಬೆಟ್ ಕಟ್ಟಿದ ಗಳಿಗೆಯಲ್ಲಿ ತೆಗೆದ ಸ್ಲಿಪ್‌ನಲ್ಲಿ `Potential Returns` ಎಂದಿರುತ್ತದೆ. ಅಂದರೆ ಗೆದ್ದರೆ ಬರಬಹುದಾದ ಹಣ. ಪ್ರೋಗ್ರಾಮ್ `Returns` ಎಂಬ ಪದವನ್ನಷ್ಟೇ ಹುಡುಕಿ, ಪಕ್ಕದ ಸಂಖ್ಯೆಯನ್ನು ‘ಬಂದದ್ದು’ ಎಂಬ ಕಾಲಂಗೆ ಇಳಿಸಿತ್ತು. ಇಂಥ ಹತ್ತು ಸ್ಲಿಪ್ ಇದ್ದು ಗೆದ್ದದ್ದು ನಾಲ್ಕೇ ಎಂದುಕೊಳ್ಳಿ: ಕಟ್ಟಿದ್ದು 5,000, ಬಂದದ್ದು 3,700, ನಷ್ಟ 1,300. ಪ್ರೋಗ್ರಾಮ್ ಹತ್ತನ್ನೂ ಗೆಲ್ಲಿಸಿ 9,250 ಬರೆಯುತ್ತದೆ, ಲಾಭ 4,250. ಪ್ರತಿ ಅಂಕಿಯೂ ಸರಿ, ಪ್ರತಿ ಗುಣಾಕಾರವೂ ಸರಿ, ಲೆಕ್ಕ ಪೂರ್ತಿ ಸುಳ್ಳು.

ಇಬ್ಬರೂ ಕೂತು ಅವನ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದೆವು. ಆ್ಯಪ್‌ಗೆ ಹೋದದ್ದನ್ನು ಒಂದು ಕಡೆ, ಅಲ್ಲಿಂದ ವಾಪಸ್ ಬಂದದ್ದನ್ನು ಇನ್ನೊಂದು ಕಡೆ ಕೂಡಿದೆವು. ನಷ್ಟ ಅವನ ಹಲವು ತಿಂಗಳ ಬಾಡಿಗೆಯಷ್ಟಿತ್ತು. ಸ್ಲಿಪ್‌ಗಳನ್ನು ಸರಿಯಾಗಿ ಓದಿಸಿ ಮತ್ತೆ ಕೂಡಿದರೂ ಅಷ್ಟು ನಷ್ಟ ಕಾಣಲಿಲ್ಲ. ಕಾರಣ ಅವನೇ ಹೇಳಿದ, ತಲೆ ತಗ್ಗಿಸಿ: “ಸೋತಿದ್ದನ್ನ ಯಾರು ಮಗಾ ಸ್ಕ್ರೀನ್‌ಶಾಟ್ ತೆಗೀತಾರೆ?”

ಓಸಿಆರ್ ಬೇಡ ಎಂದು ನಾನು ಹೇಳುತ್ತಿಲ್ಲ. ಯಾವ ಪಂದ್ಯ, ಯಾವ ದಿನ, ಎಷ್ಟು ದರ ಎಂಬುದು ಬ್ಯಾಂಕಿನ ಪುಟದಲ್ಲಿ ಸಿಗುವುದಿಲ್ಲ. ಅದನ್ನು ಸ್ಲಿಪ್ಪೇ ಹೇಳಬೇಕು. ನನ್ನ ಜಗಳ ಅನುಮಾನವನ್ನು ಅಳಿಸಿಹಾಕುವ ಲೆಕ್ಕದ ಜೊತೆ. ನಮ್ಮ ಗ್ರಂಥಸಂಪಾದಕರು ಓಲೆಗರಿಯಲ್ಲಿ ಅಕ್ಷರ ಹರಿದಿದ್ದರೆ ಅಲ್ಲಿ ಚುಕ್ಕಿಗಳನ್ನಿಟ್ಟರು, ಬೇರೆ ಪ್ರತಿಯಲ್ಲಿ ಬೇರೆ ಓದು ಸಿಕ್ಕರೆ ಅಡಿಯಲ್ಲಿ ಪಾಠಾಂತರ ಕೊಟ್ಟರು. ಒಂದು ಪದ್ಯಕ್ಕೆ ತೋರಿಸುವ ಆ ಪ್ರಾಮಾಣಿಕತೆಯನ್ನು ಒಬ್ಬನ ಸಾಲದ ಲೆಕ್ಕಕ್ಕೂ ತೋರಿಸಬೇಕು. ಪ್ರತಿ ಸಾಲಿನ ಪಕ್ಕ ಮೂಲ ಚಿತ್ರವಿರಲಿ. ಫಲಿತಾಂಶ ಗೊತ್ತಿಲ್ಲದ ಕಡೆ ‘ಗೊತ್ತಿಲ್ಲ’ ಎಂದಿರಲಿ. ಕೊನೆಯ ಮೊತ್ತ ಬ್ಯಾಂಕಿನ ಮೊತ್ತಕ್ಕೆ ತಾಳೆಯಾಗುವವರೆಗೆ ‘ಲಾಭ’ ಎಂಬ ಪದ ಪರದೆಯ ಮೇಲೆ ಬರದಿರಲಿ.

ಸಾಲ ಕೊಟ್ಟೆ. ಅವನು ಅದನ್ನು ತನ್ನ ಎಕ್ಸೆಲ್‌ನಲ್ಲಿ ಕೈಯಾರೆ ಟೈಪ್ ಮಾಡಿಕೊಂಡ.